ಆ "ಹೂಂ" ನನಗೆ ಬೇಡ

ನಮಸ್ಕಾರ. ಹೋದ ಸಂಚಿಕೆಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ಊಟದ ಹೊತ್ತಲ್ಲಿ ಫೋನ್ ನೋಡಿದರೆ ಏನಾಯ್ತು? ಕಿವಿ ಖಾಲಿ ಇರುತ್ತಲ್ವಾ, ಹೆಂಡತಿ ಹೇಳೋದು ಕೇಳಿಸುತ್ತೆ." ಓದಿ ಮೈಯೆಲ್ಲ ಉರಿದುಹೋಯಿತು.

ಇದು ಕಿವಿಯ ವಿಷಯ ಅಲ್ಲ ಸ್ವಾಮಿ. ಕಣ್ಣಿನ ವಿಷಯ.

ನಮ್ಮ ಮನೆಯದ್ದೇ ಹೇಳುತ್ತೇನೆ. ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆವು. ಅಮ್ಮನ ಸ್ಕ್ಯಾನ್ ರಿಪೋರ್ಟ್ ಬಂದಿತ್ತು. ಇಡೀ ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಹೇಳತೊಡಗಿದೆ. ನನ್ನ ಗಂಡನ ಎಡಗೈ ಹೆಬ್ಬೆರಳು ಫೋನಿನ ಮೇಲೆ ಓಡುತ್ತಲೇ ಇತ್ತು. ನಡುನಡುವೆ ಒಂದು "ಹೂಂ". "ಡಾಕ್ಟರ್ ಇನ್ನೊಂದು ಟೆಸ್ಟ್ ಮಾಡಿಸಿ ಅಂದ್ರು, ನನಗ್ಯಾಕೋ..." ಅಂದವಳು ಬೇಕಂತಲೇ ಮಾತು ನಿಲ್ಲಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಂತು: "ಹೂಂ, ಒಳ್ಳೇದಾಯ್ತು ಬಿಡು."

ಒಳ್ಳೇದಾಯ್ತಂತೆ! ಕಿವಿ ಖಾಲಿ ಇತ್ತಲ್ವಾ?

ಇದಕ್ಕೆ ಫಬ್ಬಿಂಗ್ ಅಂತಾರೆ. ಫೋನ್ ಮತ್ತು ಸ್ನಬ್ಬಿಂಗ್, ಅಂದರೆ ಎದುರಿಗಿರುವವರನ್ನು ಕಡೆಗಣಿಸುವುದು, ಎರಡನ್ನೂ ಬೆಸೆದು 2012ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ನಿಘಂಟಿನ ಪ್ರಚಾರಕ್ಕೆ ಹುಟ್ಟಿಸಿದ ಪದ. 2016ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಜೇಮ್ಸ್ ರಾಬರ್ಟ್ಸ್ ಮತ್ತು ಮೆರೆಡಿತ್ ಡೇವಿಡ್ ಇದನ್ನೇ ಸಂಗಾತಿಗಳ ನಡುವೆ ನೋಡಿದರು. ಇದು ಜಾಸ್ತಿ ಇರುವ ಕಡೆ ಫೋನಿನ ಬಗ್ಗೆ ಜಗಳವೂ ಜಾಸ್ತಿ, ಸಂಬಂಧದ ನೆಮ್ಮದಿ ಕಡಿಮೆ ಅಂತ ಕಂಡುಬಂತು.

ನನಗಂತೂ ಜಗಳವೇ ವಾಸಿ ಅನಿಸುತ್ತೆ. ಜಗಳ ಆಡುವಾಗಲಾದರೂ ಮುಖ ನೋಡ್ತಾರೆ. ನಾವು ಮಾತಾಡುವುದು ಎದುರಿನವರ ಮುಖ ನೋಡಿಕೊಂಡೇ. ಹುಬ್ಬು ಏರಿದರೆ ಬಿಡಿಸಿ ಹೇಳುತ್ತೇವೆ, ಕಣ್ಣು ತೇವವಾದರೆ ದನಿ ತಗ್ಗಿಸುತ್ತೇವೆ. ಆ ಮುಖವೇ ಬಾಗಿದ್ದರೆ? ಮೊದಲು ಮಾತು ಚಿಕ್ಕದಾಗುತ್ತೆ. ಆಮೇಲೆ ಬರೀ ಕರೆಂಟ್ ಬಿಲ್ಲು, ಗ್ಯಾಸು. ಕೊನೆಗೆ "ಏನಾಯ್ತು?" ಅಂತ ಕೇಳಿದರೂ "ಏನಿಲ್ಲ" ಅಂತೀವಿ. ಅದು ಮುನಿಸಲ್ಲ. ಹೇಳಿದರೂ ಹೇಳದಿದ್ದರೂ ಒಂದೇ ಅಂತ ಗೊತ್ತಾಗಿರುತ್ತೆ.

"ಆಫೀಸ್ ಮೆಸೇಜ್ ಬಂದರೆ ಏನು ಮಾಡೋದು?" ಅಂತ ಕೇಳ್ತೀರಿ. "ಒಂದು ನಿಮಿಷ, ಇದಕ್ಕೆ ಉತ್ತರ ಕೊಟ್ಟುಬಿಡ್ತೀನಿ" ಅಂತ ಮುಖ ನೋಡಿ ಹೇಳಿ. ಮುಗಿಸಿ ಫೋನ್ ಆಚೆ ಇಡಿ. "ಟೆಸ್ಟ್ ಅಂದ್ಯಲ್ಲ, ಏನದು?" ಅಂತ ನೀವೇ ಮಾತನ್ನು ಎತ್ತಿಕೊಳ್ಳಿ. ಇಷ್ಟೇ. ಇದಕ್ಕೂ ಪುರುಸೊತ್ತಿಲ್ಲ ಅನ್ನಬೇಡಿ, ರೀಲ್ಸ್‌ಗೆ ಇದೆ!

"ಬಾಯಿಬಿಟ್ಟು ಹೇಳಬಹುದಿತ್ತಲ್ಲ" ಅಂತ ಇನ್ನೊಬ್ಬರು. ಬಾಯಿಬಿಟ್ಟೇ ಹೇಳ್ತಿದ್ದೆ ಕಣ್ರೀ! ಅಮ್ಮನ ವಿಷಯ ಹೇಳ್ತಿದ್ದೆ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮುಂದಿನ ವಾರ ನಿಮ್ಮ ಅನುಭವಗಳನ್ನೇ ಓದುತ್ತೇನೆ. ಆದರೆ ಈಗ ಊಟ ಮಾಡ್ತಾ ಇದನ್ನು ನೋಡ್ತಿದ್ದೀರಾ? ಎದುರಿಗೆ ಯಾರಾದರೂ ಕೂತಿದ್ದಾರಾ? ಹಾಗಾದರೆ ನನ್ನನ್ನು ಇಲ್ಲಿಗೇ ನಿಲ್ಲಿಸಿ. ಅವರು ಏನೋ ಹೇಳ್ತಿದ್ದರು.