ಆಫೀಸ್ ಕ್ರಿಕೆಟ್ ಟೀಮಿಗೆ ಎಲ್ಲ ಡಿಪಾರ್ಟ್‌ಮೆಂಟೂ ನಗುವಂಥ ಹೆಸರು ಹುಡುಕೋದು ಹೇಗೆ?

[ದೃಶ್ಯ: ನಿರೂಪಕಿ ವೈಟ್ ಬೋರ್ಡ್ ಮುಂದೆ. ಬೋರ್ಡಿನ ಮೇಲೆ: 'ಟೀಮ್ ಹೆಸರು?']

ನಮಸ್ಕಾರ. ಆಫೀಸ್ ಕ್ರಿಕೆಟ್ ಟೂರ್ನಿಗೆ ಟೀಮ್ ಕಟ್ಟುವಾಗ ಆಟಗಾರರು ಬೇಗ ಸಿಗುತ್ತಾರೆ, ಹೆಸರು ಸಿಗೋದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಟೈಗರ್ಸ್, ವಾರಿಯರ್ಸ್, ಕಿಂಗ್ಸ್ ಬರುತ್ತವೆ. ಆಮೇಲೆ ಯಾರೋ ಒಬ್ಬರು ತಮಾಷೆಯ ಹೆಸರು ಹಾಕುತ್ತಾರೆ. ಅವರ ಡಿಪಾರ್ಟ್‌ಮೆಂಟಿನವರು ಬಿದ್ದು ಬಿದ್ದು ನಗುತ್ತಾರೆ. ಉಳಿದವರು ಮರ್ಯಾದೆಗೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ಎಲ್ಲರನ್ನೂ ಒಟ್ಟಿಗೆ ನಗಿಸುವ ಹೆಸರನ್ನು ಹುಡುಕುವ ದಾರಿ ಒಂದಿದೆ. ಇವತ್ತು ಒಂದು ಹೆಸರನ್ನು ಸೊನ್ನೆಯಿಂದ ಕಟ್ಟಿ ತೋರಿಸುತ್ತೇನೆ.

ಪೀಣ್ಯದಲ್ಲಿ ಮಧ್ಯಮ ಗಾತ್ರದ ಒಂದು ಕಂಪನಿ ಇದೆ ಅಂದುಕೊಳ್ಳಿ. ಪ್ರೊಡಕ್ಷನ್, ಸ್ಟೋರ್ಸ್, ಅಕೌಂಟ್ಸ್, ಎಚ್‌ಆರ್, ಸೇಲ್ಸ್, ಐಟಿ, ಜೊತೆಗೆ ಸೆಕ್ಯುರಿಟಿ ಮತ್ತು ಕ್ಯಾಂಟೀನ್. ಅರ್ಧ ಜನಕ್ಕೆ ಕನ್ನಡ ಮನೆಮಾತು. ಉಳಿದವರು ಬೇರೆ ಬೇರೆ ರಾಜ್ಯದಿಂದ ಬಂದವರು. ಎಲ್ಲರೂ ಸೇರಿ ಒಂದೇ ಟೀಮು.

[ಪರದೆ ಮೇಲೆ: 'ರನ್ ಟೈಮ್ ಎರರ್ಸ್']

ಮೊದಲ ಸಲಹೆ ಐಟಿಯಿಂದ: ರನ್ ಟೈಮ್ ಎರರ್ಸ್. ಪ್ರೋಗ್ರಾಮ್ ಓಡುವಾಗ ಬರುವ ತಪ್ಪು ಒಂದು ಅರ್ಥ, ಕ್ರಿಕೆಟ್ಟಿನ ರನ್ ಇನ್ನೊಂದು ಅರ್ಥ. ಶ್ಲೇಷೆ ಚೆನ್ನಾಗೇ ಇದೆ. ಆದರೆ ಸ್ಟೋರ್ಸಿನವರಿಗೆ ಒಂದೇ ಅರ್ಥ ಕೇಳಿಸುತ್ತದೆ. ಪದಕ್ಕೆ ಎರಡು ಅರ್ಥ ಇದ್ದರೆ ಸಾಲದು, ಕೇಳಿದವರ ತಲೆಯಲ್ಲಿ ಆ ಎರಡೂ ಮೊದಲೇ ಇರಬೇಕು. ಕ್ರಿಕೆಟ್ ಅರ್ಥ ನಮ್ಮೂರಲ್ಲಿ ಬಹುತೇಕ ಎಲ್ಲರಿಗೂ ಗೊತ್ತು. ಎಡವೋದು ಎರಡನೇ ಅರ್ಥದಲ್ಲಿ. ಅದು ಒಂದೇ ಡಿಪಾರ್ಟ್‌ಮೆಂಟಿನ ಕೆಲಸದ ಮಾತಾದರೆ ನಗುವೂ ಅಲ್ಲೇ ನಿಂತುಬಿಡುತ್ತದೆ.

ಅದಕ್ಕೇ ಎರಡನೇ ಅರ್ಥವನ್ನು ಕೆಲಸದಲ್ಲಿ ಹುಡುಕಬೇಡಿ. ಎಲ್ಲರೂ ಒಂದೇ ಥರ ಇರುವ ಜಾಗದಲ್ಲಿ ಹುಡುಕಿ. ಅಂಥ ಜಾಗಗಳು ಯಾವುವು? ಗೇಟು, ಹಾಜರಿ ಪಂಚ್ ಮಾಡುವ ಮೆಷಿನ್ನು, ಸಂಬಳ, ರಜೆ, ಕ್ಯಾಂಟೀನು.

[ದೃಶ್ಯ: ಬೋರ್ಡ್ ಮೇಲೆ ಎರಡು ಸಾಲು. ಎಡಗಡೆ ಈ ಐದು. ಬಲಗಡೆ: ರನ್, ಓವರ್, ಸ್ಲಿಪ್, ಕವರ್, ಲೀವ್, ರಿವ್ಯೂ, ಬೈ, ಎಕ್ಸ್‌ಟ್ರಾ, ನೈಟ್ ವಾಚ್‌ಮನ್]

ಬಲಗಡೆ ಮೈದಾನದಲ್ಲಿ ಬಾಯಿಂದ ಬಾಯಿಗೆ ಓಡಾಡುವ ಪದಗಳನ್ನಷ್ಟೇ ಬರೆದಿದ್ದೇನೆ. ಈಗ ಗೆರೆ ಎಳೆದು ಜೋಡಿಸೋಣ.

ಸಂಬಳ ಮತ್ತು ಸ್ಲಿಪ್: ಸ್ಯಾಲರಿ ಸ್ಲಿಪ್ಸ್. ಕೇಳಿದ ತಕ್ಷಣ ನಗು ಬರುತ್ತದೆ. ಬ್ಯಾಟ್ಸ್‌ಮನ್ ಹಿಂದೆ ಸ್ಲಿಪ್ಪಿನಲ್ಲಿ ನಿಂತವರೂ ಕಾಯುತ್ತಾರೆ, ತಿಂಗಳ ಕೊನೆಯಲ್ಲಿ ನಾವೂ ಕಾಯುತ್ತೇವೆ. ಆದರೆ ಒಂದು ನಿಮಿಷ ಯೋಚಿಸಿ. ಸೆಕ್ಯುರಿಟಿಯವರು, ಕ್ಯಾಂಟೀನಿನವರು ಎಷ್ಟೋ ಕಡೆ ಕಾಂಟ್ರಾಕ್ಟರ್ ಕೈಕೆಳಗೆ ಇರುತ್ತಾರೆ. ಕಂಪನಿಯ ಸ್ಯಾಲರಿ ಸ್ಲಿಪ್ ಅವರಿಗೆ ಬರೋದೇ ಇಲ್ಲ. ಇನ್ನು ಇಂಕ್ರಿಮೆಂಟ್ ನಿಂತ ವರ್ಷವಾದರೆ ಈ ಹೆಸರು ಯಾರಿಗೂ ತಮಾಷೆ ಅನ್ನಿಸೋದಿಲ್ಲ.

ರಜೆ ಮತ್ತು ಲೀವ್: ಬ್ಯಾಟ್ಸ್‌ಮನ್ ಬಾಲನ್ನು ಮುಟ್ಟದೆ ಸರಿಯಾಗಿ ಬಿಟ್ಟರೆ ಕಾಮೆಂಟರಿಯಲ್ಲಿ 'ವೆಲ್ ಲೆಫ್ಟ್' ಅಂತಾರೆ. ರಜೆ ಹಾಕುವವರಿಗೆ ಇದು ಖುಷಿ ಕೊಡಬಹುದು. ಎಚ್‌ಆರ್‌ಗೆ ಮಾತ್ರ 'ಕೆಲಸ ಬಿಟ್ಟು ಹೋದವರು' ಅಂತಲೇ ಕೇಳಿಸುತ್ತದೆ. ಜೆರ್ಸಿಯ ಬಿಲ್ ಪಾಸ್ ಮಾಡುವವರೂ ಅವರೇ ಅಲ್ವಾ!

ಗೇಟು ಮತ್ತು ನೈಟ್ ವಾಚ್‌ಮನ್: ಇದನ್ನು ಈಗಲೇ ಅಳಿಸಿಬಿಡುತ್ತೇನೆ. ಇದರಲ್ಲಿ ಹನ್ನೊಂದು ಜನ ಸೇರಿ ಇನ್ನೊಬ್ಬರ ಕೆಲಸವನ್ನು ತಮಾಷೆ ಮಾಡುತ್ತಾರೆ. ರಾತ್ರಿಯೆಲ್ಲ ಗೇಟಿನಲ್ಲಿ ನಿಂತವರು ಇದಕ್ಕೆ ಯಾಕೆ ನಗಬೇಕು?

ಪಂಚ್ ಮೆಷಿನ್ನಿಗೆ ಒಪ್ಪುವ ಪದ ಬಲಗಡೆ ನನಗೆ ಸಿಗಲಿಲ್ಲ. ಉಳಿದದ್ದು ಕ್ಯಾಂಟೀನು. ಅಲ್ಲಿ ದಿನಾ ಕೇಳುವ ಮಾತು ಯಾವುದು?

[ಪರದೆ ಮೇಲೆ: ಸ್ಟೀಲ್ ಲೋಟದ ಕಾಫಿಯನ್ನು ಎರಡು ಲೋಟಕ್ಕೆ ಹಂಚುವ ಕೈ]

'ಒಂದು ಬೈ ಟೂ ಕಾಫಿ.'

[ಪರದೆ ಮೇಲೆ: ಅಂಪೈರ್ ಒಂದು ಕೈ ಎತ್ತಿ, ಅಂಗೈ ಬಿಚ್ಚಿ ತಲೆಯ ಮೇಲೆ ಹಿಡಿದಿದ್ದಾರೆ]

ಇನ್ನು ಮೈದಾನದಲ್ಲಿ. ಬಾಲ್ ಬ್ಯಾಟಿಗೂ ತಾಗಲಿಲ್ಲ, ಮೈಗೂ ತಾಗಲಿಲ್ಲ. ವೈಡ್ ಅಲ್ಲ, ನೋ ಬಾಲೂ ಅಲ್ಲ. ಕೀಪರ್ ಕೈತಪ್ಪಿ ಹಿಂದೆ ಹೋಯಿತು, ಇಬ್ಬರೂ ಎರಡು ಸಲ ಓಡಿದರು. ಅಂಪೈರ್ ಹೀಗೆ ಕೈ ಎತ್ತುತ್ತಾರೆ. ಮೈಕಿನಲ್ಲಿ ಕೂಗುವುದು ಏನು? 'ಬೈ, ಟೂ!'

ನೋಡಿ, ಸಿಕ್ಕಿತು. ಕನ್ನಡ ಬಾರದವರೂ ಬೆಂಗಳೂರಿಗೆ ಬಂದ ಸ್ವಲ್ಪ ದಿನಕ್ಕೇ ಕಲಿಯುವ ಮಾತು ಇದು. ಕಾಫಿಯಲ್ಲಿ ಮ್ಯಾನೇಜರ್ ಬೈ ಟೂ ಬೇರೆ, ಹೆಲ್ಪರ್ ಬೈ ಟೂ ಬೇರೆ ಅಂತ ಇಲ್ಲ. ಯಾರನ್ನೂ ಆಡಿಕೊಳ್ಳುವುದೂ ಇಲ್ಲ.

ಈ ಹೆಸರು ಬೇರೆ ಬೇರೆ ಡಿಪಾರ್ಟ್‌ಮೆಂಟಿನಲ್ಲಿ ಬೇರೆ ಬೇರೆ ಥರ ಚಿಗುರುವುದು ನನಗೆ ತುಂಬಾ ಇಷ್ಟ. ಸ್ಟೋರ್ಸಿನವರು 'ಒಂದು ಐಟಂ, ಎರಡು ಇಶ್ಯೂ' ಅನ್ನುತ್ತಾರೆ. ಸೇಲ್ಸಿನವರಿಗೆ ಕಸ್ಟಮರ್ ಜೊತೆ ದರ್ಶಿನಿ ಮುಂದೆ ನಿಂತ ಬೆಳಗುಗಳು ನೆನಪಾಗುತ್ತವೆ. ಅಕೌಂಟ್ಸಿನವರ ನಗು ಇನ್ನೂ ಆಳದ್ದು. ಸ್ಕೋರ್ ಶೀಟ್ ನೋಡಿ.

[ದೃಶ್ಯ: ಸ್ಕೋರ್ ಶೀಟ್ ಹತ್ತಿರದಿಂದ. ಓವರಿನ ಚೌಕದಲ್ಲಿ ಒಂದು ಪುಟ್ಟ ತ್ರಿಕೋನ, ಅದರೊಳಗೆ 2]

ಪಳಗಿದ ಸ್ಕೋರರ್‌ಗಳು ಬೈ ರನ್ನಿಗೆ ಹೀಗೆ ತ್ರಿಕೋನ ಹಾಕುತ್ತಾರೆ. ಈ ಎರಡು ರನ್ ಬ್ಯಾಟ್ಸ್‌ಮನ್ ಲೆಕ್ಕಕ್ಕೆ ಹೋಗೋದಿಲ್ಲ, ಬೌಲರ್ ತಲೆಗೂ ಕಟ್ಟೋದಿಲ್ಲ. ಎಕ್ಸ್‌ಟ್ರಾ ಅನ್ನುವ ಸಾಲಿಗೆ ಸೇರುತ್ತವೆ. ಟೋಟಲ್ ಮಾತ್ರ ಏರುತ್ತದೆ. ಯಾರ ಹೆಸರಿಗೂ ಬರೆಯದೆ ಕಂಪನಿಯ ಲೆಕ್ಕ ಏರಿಸುವ ಕೆಲಸ ಪ್ರತಿ ಡಿಪಾರ್ಟ್‌ಮೆಂಟಿನಲ್ಲೂ ನಡೆಯುತ್ತದೆ. ಅದು ಗೊತ್ತಿದ್ದವರಿಗೆ ಈ ಹೆಸರು ಎರಡನೇ ಸಲವೂ ನಗು ತರಿಸುತ್ತದೆ.

ಕನ್ನಡದವರಿಗೆ ಮೂರನೇ ಅರ್ಥವೂ ಇದೆ: ಬೈಯುವುದು. ಬೈಸಿಕೊಳ್ಳದೆ ಆಫೀಸಿನಲ್ಲಿ ದಿನ ಕಳೆದವರು ಯಾರಿದ್ದಾರೆ? ಗ್ಯಾಲರಿಯಲ್ಲಿ ಕೂಗುವುದಕ್ಕೆ ಘೋಷಣೆಯೂ ರೆಡಿ: 'ಬೈದ್ರೂ ಬೈ ಟೂ!' ಈ ಅರ್ಥ ಗೊತ್ತಾಗದಿದ್ದರೂ ಹೆಸರು ಕೆಡುವುದಿಲ್ಲ, ಮೊದಲಿನ ಎರಡು ಸಾಕು. ಕನ್ನಡದ ಮಾತನ್ನು ಹೀಗೆ ಮೇಲೊಂದು ಪದರವಾಗಿ ಇಟ್ಟರೆ ಯಾರೂ ಹೊರಗೆ ಉಳಿಯೋದಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಹೆಸರನ್ನೂ ನೋಡೋಣ.

[ಪರದೆ ಮೇಲೆ: 'ರನ್ನ ಬಳಗ']

ರನ್ನ ಬಳಗ. ಕವಿ ರನ್ನನೂ ಇದ್ದಾನೆ, ರನ್ನೂ ಇದೆ, 'ಚಿನ್ನ ರನ್ನ' ಅಂತ ಮುದ್ದು ಮಾಡುವ ಮಾತೂ ಇದೆ. ನನಗಂತೂ ಬಹಳ ಚಂದದ ಹೆಸರು. ಆದರೆ ರನ್ನನ ಪರಿಚಯವೇ ಇಲ್ಲದವರಿಗೆ ಕ್ರಿಕೆಟ್ ಬಿಟ್ಟು ಏನೂ ಕಾಣಿಸೋದಿಲ್ಲ. ಇನ್ನೊಂದು ತೊಂದರೆ ಕಿವಿಯದು. ಶಾಲೆಯಲ್ಲಿ ಅಲಂಕಾರ ಪಾಠದಲ್ಲಿ ಸಭಂಗ ಶ್ಲೇಷೆ, ಅಭಂಗ ಶ್ಲೇಷೆ ಅಂತ ಓದಿರುತ್ತೀರಿ. ಪದವನ್ನು ಒಡೆದರೆ ಇನ್ನೊಂದು ಅರ್ಥ ಸಿಕ್ಕರೆ ಸಭಂಗ. ಒಡೆಯದೆಯೇ ಎರಡೂ ಅರ್ಥ ಹೊಳೆದರೆ ಅಭಂಗ. ಓದುವಾಗ ಒಡೆದು ನೋಡುವುದಕ್ಕೆ ಸಮಯ ಇರುತ್ತದೆ. ಮೈಕಿನ ಗದ್ದಲದಲ್ಲಿ ಇರುವುದಿಲ್ಲ. ಹಾಗಾಗಿ ಮೈದಾನಕ್ಕೆ ಒಡೆಯದ ಪದವೇ ಒಳ್ಳೆಯದು. 'ಬೈ ಟೂ' ಅಂಥದ್ದು, ಎರಡು ಅರ್ಥಕ್ಕೂ ಒಂದೇ ಉಚ್ಚಾರ.

ಈಗ ಹೆಸರಿನ ಉಳಿದರ್ಧ. 'ಬೈ ಟೂ ಬಾಯ್ಸ್' ಅಂದರೆ ಟೀಮಿನಲ್ಲಿರುವ ಹುಡುಗಿಯರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. 'ಬೈ ಟೂ ಇಲೆವೆನ್' ಅಂದರೆ ಹನ್ನೊಂದನ್ನು ಎರಡು ಭಾಗ ಮಾಡಿದ ಹಾಗೆ. ಅದೂ ಅಲ್ಲದೆ ಆಫೀಸ್ ಟೂರ್ನಿಯಲ್ಲಿ ಎಂಟೇ ಜನರ ಟೀಮು ಇರುವುದೂ ಉಂಟು. 'ಬೈಟೂ ಬಳಗ' ಸರಿಹೋಗುತ್ತದೆ. ಬಳಗದಲ್ಲಿ ಗಂಡು ಹೆಣ್ಣು ಎಲ್ಲರೂ ಇದ್ದಾರೆ, ಬ-ಬ ಪ್ರಾಸ ನಾಲಿಗೆಗೂ ಸುಲಭ.

'ಲೆಗ್ ಬೈಟೂ' ಅಂತ ಇನ್ನೂ ಜಾಣತನ ತೋರಿಸಬಹುದು ಅನ್ನಿಸುತ್ತದೆ. ನನಗೆ ಅದು ಬೇಡ. ಟೆನಿಸ್ ಬಾಲ್ ಟೂರ್ನಿಗಳಲ್ಲಿ ಎಷ್ಟೋ ಕಡೆ ಎಲ್‌ಬಿಡಬ್ಲ್ಯು ಇರುವುದಿಲ್ಲ, ಲೆಗ್ ಬೈ ರನ್ನೂ ಕೊಡುವುದಿಲ್ಲ. ಆಗ ನಿಮ್ಮ ಹೆಸರು ಮೈದಾನದಲ್ಲಿ ಒಂದು ಸಲವೂ ಮೊಳಗುವುದಿಲ್ಲ. ಬರೀ ಬೈ ಆದರೆ ಟೆನಿಸ್ ಬಾಲ್ ಪುಟಿದು ಕೀಪರ್ ತಲೆ ಮೇಲೆ ಹೋದಾಗಲೆಲ್ಲ ಸಿಗುತ್ತದೆ. ಆಟವೇ ನಿಮ್ಮ ತಮಾಷೆಯನ್ನು ಮತ್ತೆ ಹೇಳುತ್ತದೆ. ಆದರೂ ಹೆಸರು ಪಕ್ಕಾ ಮಾಡುವ ಮೊದಲು ಟೂರ್ನಿಯ ರೂಲ್ಸ್ ಓದಿ, ಕೆಲವು ಕಡೆ ಬೈ ಕೂಡ ಇರುವುದಿಲ್ಲ.

[ದೃಶ್ಯ: ನಿರೂಪಕಿ ಒಂದು ಚೀಟಿ ಹಿಡಿದು ಕಾರಿಡಾರಿನಲ್ಲಿ ನಡೆಯುತ್ತಿದ್ದಾರೆ]

ಪರೀಕ್ಷೆಗೆ ಗ್ರೂಪಿನಲ್ಲಿ ಪೋಲ್ ಹಾಕಬೇಡಿ. ಪೋಲಿನಲ್ಲಿ ಜನ ಜಾಸ್ತಿ ಇರುವ ಡಿಪಾರ್ಟ್‌ಮೆಂಟ್ ಗೆಲ್ಲುತ್ತದೆ, ಅಷ್ಟೇ. ಪ್ರತಿ ಡಿಪಾರ್ಟ್‌ಮೆಂಟಿನಲ್ಲಿ ಒಬ್ಬೊಬ್ಬರ ಹತ್ತಿರ ಹೋಗಿ, ವಿವರಣೆ ಕೊಡದೆ, ಹೆಸರು ಒಂದು ಸಲ ಹೇಳಿ. ಕ್ಯಾಂಟೀನಿನಿಂದ ಶುರು ಮಾಡಿ, ಕಾಫಿ ಹಂಚುವವರಿಗೇ ಮೊದಲ ಹಕ್ಕು. 'ಅಂದರೆ ಏನು?' ಅಂತ ಇಬ್ಬರು ಮೂವರು ಕೇಳಿದರೆ ಹೆಸರು ಬದಲಾಯಿಸಿ. ನಕ್ಕು, ತಮ್ಮದೊಂದು ಮಾತು ಸೇರಿಸಿದರೆ ಹೆಸರು ನಿಂತಿತು ಅಂತಲೇ ಅರ್ಥ. ಸುಮ್ನೆ ನಕ್ಕು ಕಂಪ್ಯೂಟರ್ ಕಡೆ ತಿರುಗಿದರೆ ಅದು ನಿಮ್ಮ ಮೇಲಿನ ಪ್ರೀತಿಗೆ ನಕ್ಕಿದ್ದು.

ಕೊನೆಗೆ ಜೆರ್ಸಿ. ಇದನ್ನು ಕನ್ನಡದಲ್ಲೇ ಬರೆಸಿ. ಇಂಗ್ಲಿಷಿನಲ್ಲಿ ಕಾಫಿಯ ಬೈಗೆ ಎರಡಕ್ಷರ, ಕ್ರಿಕೆಟ್ಟಿನ ಬೈಗೆ ಮೂರಕ್ಷರ. ಯಾವುದನ್ನು ಬರೆದರೂ ಇನ್ನೊಂದು ಅರ್ಥ ಕಳೆದುಹೋಗುತ್ತದೆ. ಕನ್ನಡದ 'ಬೈ' ಎರಡಕ್ಕೂ ಒಂದೇ. ಸ್ಕೋರಿಂಗ್ ಆಪ್‌ನಲ್ಲಿ ಇಂಗ್ಲಿಷ್ ಬೇಕೇ ಬೇಕು ಅಂದರೆ By2 Balaga ಅಂತ ಟೈಪ್ ಮಾಡಿ. ಅಂಕಿ 2 ಕಂಡ ಕೂಡಲೇ ಕಾಫಿ ನೆನಪಾಗುತ್ತದೆ, ಕ್ರಿಕೆಟ್ಟಿನ ಬೈಯನ್ನು ಅಂಪೈರ್ ನೆನಪಿಸುತ್ತಾರೆ. ಮೈಕ್ ಹಿಡಿಯುವವರಿಗೆ ಮಾತ್ರ ಪಂದ್ಯಕ್ಕೆ ಮೊದಲೇ ಹೇಳಿಡಿ: 'ಬೈ' ಅಂದ ಮೇಲೆ ನಡುವೆ ಜಾಸ್ತಿ ನಿಲ್ಲಿಸದೆ 'ಟೂ' ಅನ್ನಬೇಕು.