ನಾಲ್ಕು ಪುಟದ ಟಿಪ್ಪಣಿಯಿಂದ ಒಂದು ಹಾಳೆಯ ಚಿತ್ರಪಟಕ್ಕೆ: ಆರೋಹ ಮಳೆ

[ದೃಶ್ಯ: ಮೇಜಿನ ಮೇಲೆ ಒತ್ತೊತ್ತಾಗಿ ಬರೆದ ನೋಟ್ ಪುಸ್ತಕ, ಪಕ್ಕದಲ್ಲಿ ಖಾಲಿ ಚಾರ್ಟ್ ಹಾಳೆ. ಕಿಟಕಿಯಾಚೆ ಮಳೆ.]

ನಮಸ್ಕಾರ. ಮಡಿಕೇರಿಯಲ್ಲಿ ಕುಳಿತು ಈ ವಿಡಿಯೋ ಮಾಡುತ್ತಿರುವಾಗ ಹೊರಗೆ ಸುರಿಯುತ್ತಿರುವುದೇ ಇಂದಿನ ಪಾಠ. ಬೆಟ್ಟಕ್ಕೆ ಎದುರಾಗಿ ಮೇಲೇರುವ ಗಾಳಿಯಿಂದ ಬರುವ ಆರೋಹ ಮಳೆಯ ಬಗ್ಗೆ ನಾಲ್ಕು ಪುಟಗಳ ಟಿಪ್ಪಣಿ ನನ್ನ ಮುಂದಿದೆ. ಅದನ್ನು ತರಗತಿಯ ಸೂಚನಾ ಫಲಕದಲ್ಲಿ ಒಂದೇ ಹಾಳೆಯ ಚಿತ್ರಪಟವಾಗಿ ತೂಗುಹಾಕಬೇಕಾಗಿದೆ.

ಸಾಮಾನ್ಯವಾಗಿ ಮಕ್ಕಳು ಟಿಪ್ಪಣಿಯ ಪ್ರತಿ ವಾಕ್ಯವನ್ನೂ ಅರ್ಧಕ್ಕೆ ಕತ್ತರಿಸಿ, ಬಣ್ಣದ ಚೌಕಗಳಲ್ಲಿ ತುಂಬುತ್ತಾರೆ. ಹಾಗೆ ಮಾಡಿದಾಗ ವ್ಯಾಖ್ಯೆ, ವಿಧ, ಲಕ್ಷಣ, ಉದಾಹರಣೆ ಎಂಬ ನೋಟ್ಸಿನ ಕ್ರಮವೇ ಹಾಳೆಗೂ ಬರುತ್ತದೆ. ಒಂದರಿಂದ ಇನ್ನೊಂದು ಹೇಗೆ ಉಂಟಾಯಿತು ಎಂಬುದು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ನಾನು ಮೊದಲು ಹಾಳೆಯನ್ನು ಮುಟ್ಟದೆ, ಆ ಹಾಳೆ ಉತ್ತರಿಸಬೇಕಾದ ಒಂದೇ ಒಂದು ಪ್ರಶ್ನೆಯನ್ನು ಬರೆದುಕೊಳ್ಳುತ್ತೇನೆ: ಭಾಗಮಂಡಲದಲ್ಲಿ ಮಳೆ ಬಿಡದೆ ಸುರಿಯುವಾಗ, ಅದೇ ಜಿಲ್ಲೆಯ ಕುಶಾಲನಗರದಲ್ಲಿ ಏಕೆ ಅಷ್ಟು ಕಡಿಮೆ?

[ದೃಶ್ಯ: ನೋಟ್ಸಿನ ಸಾಲುಗಳ ಮೇಲೆ ಪೆನ್ಸಿಲ್ ಗೀಟು ಬೀಳುತ್ತಿದೆ.]

ಈ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡು ಟಿಪ್ಪಣಿಯನ್ನು ಓದಿದರೆ, ಮಳೆಯ ಇತರ ವಿಧಗಳಾದ ಪರಿಸರಣ ಮಳೆ, ಆವರ್ತ ಮಳೆ, ಜೊತೆಗೆ ಜಗತ್ತಿನ ಮಳೆ ಹಂಚಿಕೆ ಎಲ್ಲವೂ ತಾವಾಗಿಯೇ ಹೊರಗೆ ಉಳಿಯುತ್ತವೆ. ಅವು ಮುಖ್ಯವಲ್ಲವೆಂದಲ್ಲ, ಅವು ಬೇರೆ ಹಾಳೆಯ ವಿಷಯ. ನನ್ನ ಪುಸ್ತಕದಲ್ಲಿ ಈ ಒಂದು ಗೀಟಿಗೇ ಎರಡು ಪುಟಗಳು ಹೋದವು.

ಉಳಿದ ಎರಡು ಪುಟಗಳಲ್ಲಿ ಕೈ ಬಿಗಿಹಿಡಿಯಬೇಕು. ಅಲ್ಲಿರುವ ಕಾರಣಗಳ ಸರಪಳಿ ಹೀಗಿದೆ: ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿಯು ಪಶ್ಚಿಮ ಘಟ್ಟಕ್ಕೆ ಎದುರಾಗಿ ಮೇಲೇರುತ್ತದೆ, ಮೇಲೆ ಒತ್ತಡ ಕಡಿಮೆಯಿರುವುದರಿಂದ ಹಿಗ್ಗುತ್ತದೆ, ಹಿಗ್ಗಿದ್ದರಿಂದ ತಣಿಯುತ್ತದೆ, ತಣಿದಾಗ ಆವಿಯು ಸಾಂದ್ರೀಕರಣಗೊಂಡು ಮೋಡವಾಗಿ ಮಳೆ ಸುರಿಯುತ್ತದೆ. ಜಾಗ ಉಳಿಸಲು ಹೊರಟವರು ಮೊದಲು ಕೈಬಿಡುವುದು ‘ಹಿಗ್ಗುತ್ತದೆ’ ಎಂಬ ಕೊಂಡಿಯನ್ನು. ಅದು ಹೋದರೆ, ಬೆಟ್ಟದ ಮೇಲೆ ಚಳಿ ಇರುವುದರಿಂದ ಗಾಳಿ ತಣ್ಣಗಾಯಿತು ಎಂದೋ, ಮೋಡ ಬೆಟ್ಟಕ್ಕೆ ಬಡಿದು ಒಡೆಯಿತು ಎಂದೋ ಮಕ್ಕಳು ತಿಳಿಯುತ್ತಾರೆ. ಬೆಟ್ಟದ ಆಚೆ ಬದಿಗೂ ವಿವರಣೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಇಳಿಯುವ ಗಾಳಿಯು ಒತ್ತಡಕ್ಕೆ ಕುಗ್ಗಿ ಬಿಸಿಯಾಗುತ್ತದೆ, ಉಳಿದ ಮೋಡವೂ ಕರಗುತ್ತದೆ. ಆಚೆ ಬದಿಯಲ್ಲಿ ಮಳೆ ಕಡಿಮೆಯಾಗುವ ‘ಮಳೆ ನೆರಳು’ ಉಂಟಾಗುವುದು ಗಾಳಿಯಲ್ಲಿನ ನೀರು ಖಾಲಿಯಾದುದರಿಂದ ಮಾತ್ರವಲ್ಲ.

ಸರಪಳಿಯು ಜಾಗದಿಂದ ಜಾಗಕ್ಕೆ ಸಾಗುವುದರಿಂದ, ಇದಕ್ಕೆ ತಕ್ಕ ಆಕಾರ ಬೆಟ್ಟದ ಅಡ್ಡಸೀಳಿಕೆ. ಕೊಂಬೆಗಳ ಮರವಾಗಲಿ, ಎರಡು ಕಂಬಗಳ ಪಟ್ಟಿಯಾಗಲಿ ಇಲ್ಲಿ ಹೊಂದುವುದಿಲ್ಲ.

[ದೃಶ್ಯ: ಅಡ್ಡಲಾಗಿಟ್ಟ ಚಾರ್ಟ್ ಹಾಳೆಯ ಎಡತುದಿಯಲ್ಲಿ ನೀಲಿ ಸಮುದ್ರ, ಬಲಕ್ಕೆ ಏರಿ ಇಳಿಯುವ ಗೆರೆ.]

ಅಂಗಡಿಯಲ್ಲಿ ಸಿಗುವ ಚಾರ್ಟ್ ಹಾಳೆ ಸುಮಾರು 70 ಸೆಂಟಿಮೀಟರ್ ಉದ್ದವಿರುತ್ತದೆ. ಅಂಚು ಬಿಟ್ಟು 60 ಸೆಂಟಿಮೀಟರ್ ಉಳಿಯಿತೆಂದುಕೊಳ್ಳೋಣ. ಕರಾವಳಿಯಿಂದ ಕುಶಾಲನಗರದವರೆಗೆ ನೇರ ಗೆರೆಯಲ್ಲಿ ಸುಮಾರು 100 ಕಿಲೋಮೀಟರ್ ಇರುವುದರಿಂದ ಒಂದು ಕಿಲೋಮೀಟರಿಗೆ 6 ಮಿಲಿಮೀಟರ್ ಬರುತ್ತದೆ. ಅದೇ ಅಳತೆಯಲ್ಲಿ 1,276 ಮೀಟರ್ ಎತ್ತರದ ತಲಕಾವೇರಿಯನ್ನು ಬರೆದರೆ ಬೆಟ್ಟ 8 ಮಿಲಿಮೀಟರೂ ಆಗುವುದಿಲ್ಲ. ಹಾಗಾಗಿ ಎತ್ತರವನ್ನು 15 ಪಟ್ಟು ಹಿಗ್ಗಿಸಿ, ತಲಕಾವೇರಿಯನ್ನು ಹನ್ನೊಂದೂವರೆ ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿದ್ದೇನೆ. ‘ಎತ್ತರವನ್ನು 15 ಪಟ್ಟು ಹೆಚ್ಚಿಸಿದೆ’ ಎಂದು ಮೂಲೆಯಲ್ಲಿ ಬರೆಯಲೇಬೇಕು; ಬರೆಯದಿದ್ದರೆ ನಮ್ಮ ಘಟ್ಟ ಗೋಡೆಯಂತೆ ಎದ್ದು ನಿಂತಿದೆ ಎಂಬ ಸುಳ್ಳು ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಊರಿನವರಾಗಿ ನಾವೇ ವಹಿಸಬೇಕು. ಪುಸ್ತಕದ ಚಿತ್ರಗಳಲ್ಲಿ ಶಿಖರದ ಗೆರೆಗೆ ಸರಿಯಾಗಿ ಮಳೆ ನಿಂತುಹೋಗುತ್ತದೆ. ಆದರೆ ಭಾಗಮಂಡಲ ಇರುವುದು ತಲಕಾವೇರಿಯ ಪೂರ್ವಕ್ಕೆ. ಗಾಳಿಯು ಹನಿಗಳನ್ನು ಶಿಖರದ ಆಚೆಗೂ ಹೊತ್ತೊಯ್ಯುತ್ತದೆ, ಬೆಟ್ಟಗಳ ಸಾಲೂ ಅಲ್ಲಿಗೇ ಮುಗಿಯುವುದಿಲ್ಲ. ಹೀಗಾಗಿ ಮಳೆಯ ಗೆರೆಗಳನ್ನು ಭಾಗಮಂಡಲದ ಮೇಲೆ ದಟ್ಟವಾಗಿ, ಮಡಿಕೇರಿಯ ಮೇಲೆ ಸ್ವಲ್ಪ ವಿರಳವಾಗಿ, ಕುಶಾಲನಗರದ ಮೇಲೆ ಬೆರಳೆಣಿಕೆಯಷ್ಟು ಎಳೆದಿದ್ದೇನೆ.

[ದೃಶ್ಯ: ಬೆಟ್ಟದ ಮೇಲೆ ಒಂದೊಂದಾಗಿ ಮೂಡುವ ವೃತ್ತಗಳು, ಅವುಗಳೊಳಗೆ ಅಂಕಿಗಳು.]

‘ಹಿಗ್ಗುತ್ತದೆ’ ಎಂಬ ಕೊಂಡಿಯನ್ನು ಪದವಿಲ್ಲದೆ ತೋರಿಸಬಹುದು. ಗಾಳಿಯ ಒಂದು ಗುಳ್ಳೆಯನ್ನು ಸಮುದ್ರಮಟ್ಟದಲ್ಲಿ ಚಿಕ್ಕ ವೃತ್ತವಾಗಿ, ಮೇಲೇರಿದಂತೆ ದೊಡ್ಡದಾಗಿ, ಇಳಿದಾಗ ಮತ್ತೆ ಚಿಕ್ಕದಾಗಿ ಬರೆಯಿರಿ. ಒಳಗೆ ಮಾದರಿ ಲೆಕ್ಕದ ಉಷ್ಣತೆಯನ್ನು ಮಾತ್ರ ಹಾಕಿ. ಕರಾವಳಿಯಲ್ಲಿ 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೋಡವಾಗುವ ಮುನ್ನ ಗಾಳಿಯು ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣಿಯುತ್ತದೆ, ಆದ್ದರಿಂದ 500 ಮೀಟರಿನಲ್ಲಿ 25. ಅಲ್ಲಿ ಮೋಡ ಕಟ್ಟಿತೆಂದರೆ, ಸಾಂದ್ರೀಕರಣದಲ್ಲಿ ಬಿಡುಗಡೆಯಾಗುವ ಶಾಖದಿಂದ ತಣಿಯುವ ವೇಗ ಕಿಲೋಮೀಟರಿಗೆ ಸುಮಾರು 6 ಡಿಗ್ರಿಗೆ ಇಳಿಯುತ್ತದೆ. 1,300 ಮೀಟರ್ ತಲುಪುವಾಗ 20 ಡಿಗ್ರಿ. ಆಚೆ ಬದಿಯಲ್ಲಿ ಮೋಡ ಕರಗಿದ ಗಾಳಿಯು ಮತ್ತೆ 10ರ ಲೆಕ್ಕದಲ್ಲಿ ಬಿಸಿಯಾಗುವುದರಿಂದ 900 ಮೀಟರಿಗೆ ಇಳಿದಾಗ 24. ಏರುವ ಬದಿಯಲ್ಲಿ ಅದೇ 900 ಮೀಟರಿನಲ್ಲಿ ಅದು 23ಕ್ಕಿಂತ ಕಡಿಮೆಯಿತ್ತು. ಈ ಎರಡು ವೃತ್ತಗಳನ್ನು ಒಂದೇ ಮಟ್ಟದಲ್ಲಿ ಎದುರುಬದುರು ಇಟ್ಟರೆ ನೋಡುವವರ ಕಣ್ಣೇ ಹೋಲಿಸಿಕೊಳ್ಳುತ್ತದೆ. ಇವು ಅಳೆದ ಅಂಕಿಗಳಲ್ಲ, ಆದ್ದರಿಂದ ‘ಮಾದರಿ ಲೆಕ್ಕ’ ಎಂಬ ಪದ ಪಕ್ಕದಲ್ಲಿರಲಿ.

ಅಕ್ಷರಗಳ ವಿಷಯಕ್ಕೆ ಬರೋಣ. ಫಲಕದಿಂದ ಎರಡು ಮೀಟರ್ ದೂರದಲ್ಲಿ ನಿಂತವರಿಗೆ ಓದಲು ಅಕ್ಷರ ಕನಿಷ್ಠ 10 ಮಿಲಿಮೀಟರ್ ಎತ್ತರವಿರಬೇಕು. ಕನ್ನಡದಲ್ಲಿ ಈ ಅಳತೆಯನ್ನು ಒತ್ತಕ್ಷರ ಬಿಟ್ಟು ತೆಗೆದುಕೊಳ್ಳಬೇಕು, ಸಾಲಿನಿಂದ ಸಾಲಿಗೆ 25 ಮಿಲಿಮೀಟರ್ ಅಂತರ ಕೊಡಬೇಕು. ಇಲ್ಲದಿದ್ದರೆ ‘ಸಾಂದ್ರೀಕರಣ’ದ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಈ ಅಳತೆಯಲ್ಲಿ ಚಿತ್ರದ ಸುತ್ತ 40 ಪದಗಳಿಗಿಂತ ಹೆಚ್ಚು ಹಿಡಿಸಲು ನನ್ನಿಂದ ಆಗಲಿಲ್ಲ, ಮತ್ತು ಅಷ್ಟು ಸಾಕಾಯಿತು.

[ದೃಶ್ಯ: ಚಾರ್ಟಿನ ಮೊದಲ ಪ್ರತಿ, ಅದರ ಮೇಲೆ ಅಡ್ಡಾದಿಡ್ಡಿ ಬಾಣಗಳು.]

ಮೊದಲ ಪ್ರತಿಯಲ್ಲಿ ನಾನು ತಪ್ಪಿದ್ದು ಬಾಣಗಳಲ್ಲಿ. ಗಾಳಿಯ ದಿಕ್ಕಿಗೂ ಊರಿನ ಹೆಸರು ತೋರಿಸಲೂ ಒಂದೇ ಬಗೆಯ ಕಪ್ಪು ಬಾಣ ಬಳಸಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಅರ್ಧ ನಿಮಿಷ ತೋರಿಸಿ, ಹಾಳೆ ಮಗುಚಿಟ್ಟು, ಏನು ತಿಳಿಯಿತೆಂದು ಕೇಳಿದೆ. ‘ಸರ್, ಗಾಳಿ ಬೆಟ್ಟದ ಒಳಗೆ ತೂರಿ ಮಡಿಕೇರಿಗೆ ಬರ್ತದೆ’ ಎಂದಳು. ಮಡಿಕೇರಿ ಎಂಬ ಹೆಸರಿನ ಬಾಣವನ್ನು ಅವಳು ಗಾಳಿ ಎಂದೇ ಓದಿದ್ದಳು. ಅವಳ ಓದಿನಲ್ಲಿ ತಪ್ಪಿರಲಿಲ್ಲ. ಈಗ ಬಾಣವೆಂದರೆ ಗಾಳಿ ಮಾತ್ರ, ಹೆಸರುಗಳಿಗೆ ಬಾಣದ ತುದಿಯಿಲ್ಲದ ತೆಳು ಗೆರೆ.

ಕೆಳ ಅಂಚಿನಲ್ಲಿ ಒಂದು ಖಾಲಿ ಪಟ್ಟಿ ಬಿಟ್ಟಿದ್ದೇನೆ. ಮಕ್ಕಳು ತಮ್ಮ ಊರಿನ ಮಳೆಯನ್ನು ದಿನವೂ ಅಲ್ಲಿ ಬರೆಯಲಿ. ಕಾಫಿ ತೋಟದ ಮನೆಗಳಿಂದ ಬರುವವರು ‘ಎರಡು ಇಂಚು ನಲವತ್ತು ಸೆಂಟ್’ ಎನ್ನುತ್ತಾರೆ, ಪಠ್ಯಪುಸ್ತಕ ಮಿಲಿಮೀಟರ್ ಎನ್ನುತ್ತದೆ. ಒಂದು ಇಂಚಿಗೆ 100 ಸೆಂಟ್, 25.4 ಮಿಲಿಮೀಟರ್, ಹಾಗಾಗಿ ಆ ಮಳೆ 61 ಮಿಲಿಮೀಟರ್. ಪಟ್ಟಿಯಲ್ಲಿ ಮಿಲಿಮೀಟರ್ ಒಂದೇ ಇರಲಿ.

[ದೃಶ್ಯ: ಫಲಕಕ್ಕೆ ಚುಚ್ಚಿದ ಚಾರ್ಟ್, ನಾಲ್ಕು ಮೂಲೆಗಳಲ್ಲೂ ಪಿನ್ನು.]

ನೀರಿನ ಶಾಯಿಯ ಸ್ಕೆಚ್ ಪೆನ್ನು ಜುಲೈ ತಿಂಗಳ ತೇವಕ್ಕೆ ಹರಡುತ್ತದೆ, ಅಂಟುಪಟ್ಟಿ ಕಳಚಿಕೊಳ್ಳುತ್ತದೆ. ಬಣ್ಣಕ್ಕೆ ಮೇಣದ ಕ್ರೇಯಾನ್, ಅಕ್ಷರಕ್ಕೆ ನೀರಿಗೆ ಅಳಿಸದ ಮಾರ್ಕರ್ ಬಳಸಿ, ಮೂಲೆಗಳಿಗೆ ಪಿನ್ನು ಚುಚ್ಚಿ. ಕಿಟಕಿಯ ಪಕ್ಕದ ಗೋಡೆಯಾದರೆ ಇರಚಲು ಹೊಡೆಯುತ್ತದೆ. ಬಾಗಿಲಿನ ಎದುರಿನ ಒಣ ಗೋಡೆಗೆ ಹಾಕಿ.