ಅಕ್ಷರ ಮೊದಲು, ಅಂಕಿ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ರೈಲ್ವೆ ರಿಸರ್ವೇಷನ್ ಕೌಂಟರಿನಲ್ಲಿ ಬಹಳ ವರ್ಷ ಕೂತವನು ನಾನು. ಜನ ಕಿಟಕಿಯ ಹತ್ತಿರ ಬಗ್ಗಿ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಸಾರ್, ವೇಟಿಂಗ್ ಲಿಸ್ಟ್ ಹನ್ನೆರಡು ಇದೆ, ಆಗುತ್ತಾ?" ನನ್ನ ಮರುಪ್ರಶ್ನೆಯೂ ಒಂದೇ: "ಯಾವ ಹನ್ನೆರಡು? ಅಂಕಿಯ ಹಿಂದೆ ಇರೋ ಅಕ್ಷರ ಓದಿ." ಈ ಹೊತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ. ಅಕ್ಷರ ಮೊದಲು, ಅಂಕಿ ಆಮೇಲೆ.

ಟಿಕೆಟ್ ಕೈಯಲ್ಲಿದ್ದರೆ ನೋಡಿಕೊಳ್ಳಿ. `GNWL64/WL31` ಎಂದು ಇರುತ್ತದೆ. ಮೊದಲನೆಯ 64 ನೀವು ಟಿಕೆಟ್ ತೆಗೆದ ದಿನದ ಸಂಖ್ಯೆ. ಅದು ಬದಲಾಗುವುದಿಲ್ಲ. ಎರಡನೆಯ 31 ಇವತ್ತಿನದು. ಅಂದರೆ ನಿಮ್ಮ ಮುಂದಿದ್ದವರಲ್ಲಿ 33 ಜನ ಜಾಗ ಖಾಲಿ ಮಾಡಿದ್ದಾರೆ, ಇಲ್ಲವೇ ಅವರಿಗೆ ಸೀಟು ಸಿಕ್ಕಿದೆ. ಎರಡನೆಯ ಸಂಖ್ಯೆ ಇಳಿಯುತ್ತಾ ಹೋಗಿ ವೇಟಿಂಗ್ ಲಿಸ್ಟ್ ಮುಗಿದ ಮೇಲೆ `RAC` ಬರುತ್ತದೆ. ಆರ್‌ಎಸಿ ಬಂತೆಂದರೆ ರೈಲು ಹತ್ತಬಹುದು. ಕೂರಲು ಜಾಗ ಖಚಿತ, ಒಂದು ಸೈಡ್ ಲೋವರ್ ಬರ್ತನ್ನು ಇಬ್ಬರು ಹಂಚಿಕೊಳ್ಳಬೇಕು, ಅಷ್ಟೆ. ಅಲ್ಲಿಂದ ಮುಂದಿನ ಹೆಜ್ಜೆ ಕನ್ಫರ್ಮ್.

ಈಗ ಅಕ್ಷರಕ್ಕೆ ಬರುತ್ತೇನೆ. ಇದನ್ನು ತಿಳಿಸುವುದಕ್ಕೆ ನಮ್ಮ ಪಕ್ಕದ ಮನೆ ಮೇಷ್ಟ್ರ ಕಥೆಯನ್ನು ಪೂರ್ತಿ ಹೇಳಲೇಬೇಕು.

ಮೇಷ್ಟ್ರು ನಿವೃತ್ತರು. ಮಗಳು ದೆಹಲಿಯಲ್ಲಿ. ಮೊಮ್ಮಗುವಿನ ನಾಮಕರಣಕ್ಕೆ ಹೊರಡಬೇಕು. ಆಗ ಅವರಿದ್ದದ್ದು ಕಲಬುರಗಿಯಲ್ಲಿ, ಅವರ ಭಾವಮೈದ ಬೆಂಗಳೂರಿನಲ್ಲಿ. ಇಬ್ಬರೂ ಒಂದೇ ರೈಲಿಗೆ, ಒಂದೇ ಸ್ಲೀಪರ್ ಕ್ಲಾಸಿಗೆ ಟಿಕೆಟ್ ತೆಗೆದರು. ಆ ರೈಲು ಬೆಂಗಳೂರಿನಲ್ಲಿ ಹೊರಟು ಕಲಬುರಗಿ ಮೇಲೆ ದೆಹಲಿಗೆ ಹೋಗುವಂಥದ್ದು. ಹೊರಡಲು 60 ದಿನವಿದೆ ಎನ್ನುವಾಗಲೇ, ಅಂದರೆ ಬುಕಿಂಗ್ ತೆರೆದ ದಿನವೇ ಕೂತರು. ಅಷ್ಟಾದರೂ ಭಾವಮೈದನಿಗೆ ಬಂದದ್ದು `GNWL64`. ಮೇಷ್ಟ್ರಿಗೆ ಬಂದದ್ದು `RLWL9`.

ಮೇಷ್ಟ್ರ ಮನೆಯಲ್ಲಿ ಸಂತೋಷವೋ ಸಂತೋಷ. ಒಂಬತ್ತು ಎಲ್ಲಿ, ಅರವತ್ತನಾಲ್ಕು ಎಲ್ಲಿ! ಭಾವಮೈದನಿಗೇ ಫೋನ್ ಮಾಡಿ, "ನಿನ್ನದು ಆಗೋದಿಲ್ಲ ಕಣೋ, ಬಸ್ಸು ನೋಡಿಕೋ" ಎಂದು ಬುದ್ಧಿ ಹೇಳಿದರು. ತಿಂಗಳು ಕಳೆದ ಮೇಲೆ ನಾನು ರಜೆಗೆ ಬಂದಾಗ ಟಿಕೆಟ್ ತೋರಿಸಿದರು. ಅವರದು `RLWL9/WL6`. ಭಾವಮೈದನದು `GNWL64/WL31`. ನಾನು, "ಮೇಷ್ಟ್ರೇ, ಅವರದು ಆಗುತ್ತೆ, ನಿಮ್ಮದು ಕಷ್ಟ. ಈಗಲೇ ಬೇರೆ ದಾರಿ ನೋಡಿ" ಎಂದೆ. ಅವರು ನಕ್ಕರು. ಗಣಿತದ ಮೇಷ್ಟ್ರು ಅವರು, ಆರಕ್ಕಿಂತ ಮೂವತ್ತೊಂದು ಚಿಕ್ಕದು ಎನ್ನುವವನನ್ನು ಹೇಗೆ ನಂಬುತ್ತಾರೆ?

ನಾನು ಹೇಳಿದ್ದು ಏಕೆ ಎಂದರೆ, ಅವರಿಬ್ಬರೂ ನಿಂತದ್ದು ಒಂದೇ ಸಾಲಿನಲ್ಲಿ ಅಲ್ಲ. GNWL ಎಂದರೆ ರೈಲು ಹೊರಡುವ ನಿಲ್ದಾಣದವರ, ಜನರಲ್ ಕೋಟಾದ ಸಾಲು. ಗಾಡಿಯ ಹೆಚ್ಚಿನ ಬರ್ತ್‌ಗಳು ಇರುವುದು ಅಲ್ಲೇ. ನೂರಾರು ಜನ ಟಿಕೆಟ್ ಇಟ್ಟುಕೊಂಡಿರುವ ಕಡೆ ದಿನಾ ಒಬ್ಬಿಬ್ಬರು ಕ್ಯಾನ್ಸಲ್ ಮಾಡುವುದು ಸಹಜ, ಸಾಲು ಸರಸರ ಸರಿಯುತ್ತದೆ. RLWL ದಾರಿಯ ನಡುವಿನ ನಿಲ್ದಾಣದವರ ಸಾಲು. ಆ ನಿಲ್ದಾಣಕ್ಕೆಂದು ಮೀಸಲಿಟ್ಟ ಬರ್ತ್‌ಗಳೇ ಕೆಲವು. ಆ ಕೆಲವರಲ್ಲಿ ಯಾರಾದರೂ ಕ್ಯಾನ್ಸಲ್ ಮಾಡಿದರೆ ಮಾತ್ರ ನಿಮ್ಮ ಸಾಲು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಡುವಿನ ಸಣ್ಣಪುಟ್ಟ ನಿಲ್ದಾಣಗಳೆಲ್ಲ ಸೇರಿ ಹಂಚಿಕೊಳ್ಳುವ PQWL ಕಥೆಯೂ ಇದೇ.

ಲೆಕ್ಕ ನೋಡಿ. ಭಾವಮೈದನ ಸಾಲು 30 ದಿನದಲ್ಲಿ 33 ಹೆಜ್ಜೆ ಸರಿದಿದೆ. ಉಳಿದದ್ದು 31, ದಿನ ಇನ್ನೂ 30. ಮೇಷ್ಟ್ರ ಸಾಲು ಅದೇ 30 ದಿನದಲ್ಲಿ ಸರಿದದ್ದು ಮೂರೇ ಹೆಜ್ಜೆ. ಇನ್ನು ಮೂರು ಸರಿದರೂ ಮೂರು ಉಳಿಯುತ್ತದೆ. ಹಾಗೇ ಆಯಿತು. ಭಾವಮೈದ ಕೊನೆಯ ವಾರ ಆರ್‌ಎಸಿಗೆ ಬಂದು, ಯಾರಿಗೆ ಯಾವ ಬರ್ತ್ ಎಂಬ ಕೊನೆಯ ಪಟ್ಟಿ, ಅಂದರೆ ಚಾರ್ಟ್ ಆದಾಗ ಬರ್ತ್ ಪಡೆದರು. ಮೇಷ್ಟ್ರು `WL3`ರಲ್ಲಿ ನಿಂತರು. ಆನ್‌ಲೈನ್ ಟಿಕೆಟ್, ಪೂರ್ತಿ ವೇಟಿಂಗ್. ಹಾಗಾಗಿ ಚಾರ್ಟ್ ಆದೊಡನೆ ತಾನಾಗಿ ರದ್ದಾಯಿತು. ದುಡ್ಡು ಸಣ್ಣ ಶುಲ್ಕ ಕಳೆದು ಖಾತೆಗೆ ಬಂತು. ಆದರೆ ಕಟ್ಟಿಟ್ಟ ಹೋಳಿಗೆ ಡಬ್ಬಿ, ಮಗುವಿಗೆ ತಂದ ಬೆಳ್ಳಿ ಉಡಿದಾರ ಹಜಾರದಲ್ಲಿ ಹಾಗೇ ಕೂತಿದ್ದವು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದಾಗ ಅವರ ದನಿ ಕೇಳಿ ನನಗೂ ಹೊಟ್ಟೆ ಕಿವುಚಿದಂತಾಯಿತು. ತಪ್ಪಿಸಬಹುದಾಗಿದ್ದ ಸಂಕಟ ಅದು.

ಹೇಗೆ ತಪ್ಪಿಸಬಹುದಿತ್ತು? ಟಿಕೆಟ್ ತೆಗೆಯುವ ಮೊದಲೇ ಕಲಬುರಗಿ-ದೆಹಲಿ ಎಂದು ಹುಡುಕಿದ ಹಾಗೆ ಬೆಂಗಳೂರು-ದೆಹಲಿ ಎಂದೂ ಹುಡುಕಬೇಕಿತ್ತು. ಎರಡಕ್ಕೂ ಯಾವ ಅಕ್ಷರ ಬರುತ್ತದೆ ಎಂದು ಪರದೆಯಲ್ಲೇ ಕಾಣುತ್ತದೆ. ಬೆಂಗಳೂರಿನಿಂದಲೇ ಟಿಕೆಟ್ ತೆಗೆದು, ಹತ್ತುವ ನಿಲ್ದಾಣ ಕಲಬುರಗಿ ಎಂದು ಬುಕ್ ಮಾಡುವಾಗಲೇ ನಮೂದಿಸಬಹುದು. ಒಂದಿಷ್ಟು ಹೆಚ್ಚು ದುಡ್ಡು ಹೋಗುತ್ತದೆ, ಆದರೆ ನೀವು ದೊಡ್ಡ ಸಾಲಿನಲ್ಲಿ ನಿಲ್ಲುತ್ತೀರಿ. ಹತ್ತುವ ನಿಲ್ದಾಣ ನಮೂದಿಸುವುದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಬೆಂಗಳೂರಿನಲ್ಲಿ ನೀವು ಕಾಣದಿದ್ದರೆ ಟಿಟಿಇ ಆ ಬರ್ತನ್ನು ಆರ್‌ಎಸಿಯವರಿಗೆ ಕೊಟ್ಟುಬಿಡುತ್ತಾರೆ.

ಸಮಯ ಹೆಚ್ಚಿಲ್ಲ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅಕ್ಷರ ಓದಿದ ಮೇಲೆ ಕ್ಲಾಸ್ ನೋಡಿ. ಎಲ್‌ಎಚ್‌ಬಿ ಎನ್ನುವ ಈಗಿನ ಹೊಸ ಮಾದರಿಯ ಸ್ಲೀಪರ್ ಬೋಗಿಯಲ್ಲಿ 80 ಬರ್ತ್, ಸೆಕೆಂಡ್ ಎಸಿಯಲ್ಲಿ 52, ಫಸ್ಟ್ ಎಸಿ ಪೂರ್ತಿ ಬೋಗಿಯಿದ್ದರೂ 24. ಐದಾರು ಸ್ಲೀಪರ್ ಬೋಗಿ ಇರುವ ಗಾಡಿಯಲ್ಲಿ ಇಪ್ಪತ್ತು ಎಂದರೆ ಭರವಸೆ ಇಡಬಹುದು. ಫಸ್ಟ್ ಎಸಿಯಲ್ಲಿ ಇಪ್ಪತ್ತು ಎಂದರೆ ಆಸೆ ಬಿಡಿ.

ತತ್ಕಾಲ್‌ನಲ್ಲಿ `TQWL` ಬಂದರೆ ಅದಕ್ಕೆ ಆರ್‌ಎಸಿ ಮೆಟ್ಟಿಲೇ ಇಲ್ಲ. ಚಾರ್ಟ್ ಮಾಡುವಾಗ ಖಾಲಿ ಬರ್ತ್ ಸಿಕ್ಕರೂ GNWLನವರಿಗೆ ಮೊದಲ ಪಾಲು. ಅಂಥ ಟಿಕೆಟ್ ನಂಬಿ ಚೀಲ ಕಟ್ಟಬೇಡಿ.

ದೀಪಾವಳಿ, ಬೇಸಿಗೆ ರಜೆಯಲ್ಲಿ ಟಿಕೆಟ್ ಸಿಕ್ಕವರು ಬಿಡುವುದಿಲ್ಲ. ನಾನು ಹೇಳಿದ ಲೆಕ್ಕ ಆಗ ಇನ್ನೂ ಬಿಗಿ ಹಿಡಿದು ಮಾಡಿ.

ಪಿಎನ್‌ಆರ್ ಎಂಬ ಹತ್ತು ಅಂಕಿ ಕೈಯಲ್ಲಿಟ್ಟುಕೊಂಡು 139ಕ್ಕೆ ಫೋನ್ ಮಾಡಿದರೆ ಇವತ್ತಿನ ಸ್ಥಿತಿ ತಿಳಿಯುತ್ತದೆ. ವಾರಕ್ಕೊಮ್ಮೆ ಕೇಳಿ, ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡಿ. ನಾಲ್ಕು ವಾರದ ನಾಲ್ಕು ಸಂಖ್ಯೆ ಸಾಲಾಗಿ ಕಂಡರೆ ಯಾರನ್ನೂ ಕೇಳಬೇಕಾಗಿಲ್ಲ. ಬೆಳಗಿನ ರೈಲಿಗೆ ಹಿಂದಿನ ರಾತ್ರಿಯೇ ಚಾರ್ಟ್ ಆಗುತ್ತದೆ, ಆದ್ದರಿಂದ ಬಸ್ಸಿನ ಸೀಟನ್ನು ಕೊನೆಯ ಗಳಿಗೆಗೆ ಬಿಡಬೇಡಿ. ಮೇಷ್ಟ್ರು ಈಗ ಹೀಗೇ ಬರೆದಿಡುತ್ತಾರೆ. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬೆಂಗಳೂರಿನಿಂದ ಟಿಕೆಟ್ ತೆಗೆದು, ಕಲಬುರಗಿಯಲ್ಲಿ ಹತ್ತಿ, ಹೋಳಿಗೆ ಡಬ್ಬಿಯ ಸಮೇತ ದೆಹಲಿ ಸೇರಿದರು.

ನಮಸ್ಕಾರ.